ಓದುವ ತೊಂದರೆಯ ಅಸೆಸ್‌ಮೆಂಟ್: ಶುರು ಮಾಡುವ ಮುಂಚೆ ಮಗುವಿಗೆ ಏನು ಹೇಳಬೇಕು, ಒಪ್ಪಿಗೆ ಹೇಗೆ ಕೇಳಬೇಕು

ದಾವಣಗೆರೆಯಲ್ಲಿ ಓದು-ಬರಹದ ತೊಂದರೆ ಇರುವ ಮಕ್ಕಳ ಅಸೆಸ್‌ಮೆಂಟ್ ಮಾಡುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರು, ತಾಲ್ಲೂಕುಗಳಲ್ಲಿ ದುಡಿಯುವ ಸಂಪನ್ಮೂಲ ಶಿಕ್ಷಕರು ಮತ್ತೆ ಮತ್ತೆ ಒಂದೇ ಕಷ್ಟ ಹೇಳಿಕೊಳ್ಳುತ್ತಾರೆ. ‘ಮಗು ಎಲ್ಲದಕ್ಕೂ ಗೊತ್ತಿಲ್ಲ ಅನ್ನುತ್ತೆ ಮೇಡಂ. ಅರ್ಧಕ್ಕೆ ಅಳೋಕೆ ಶುರು ಮಾಡುತ್ತೆ. ಬಂದ ಅಂಕ ನಂಬೋದೋ ಬಿಡೋದೋ ತಿಳೀತಿಲ್ಲ.’ ಹೇಗೆ ಶುರು ಮಾಡಿದಿರಿ ಎಂದು ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಬಾ ಪುಟ್ಟಾ, ಆಟ ಆಡೋಣ ಅಂದೆ. ಹ್ಞೂಂ ಅಂತು. ಶುರು ಮಾಡಿದೆ.’

ತೊಂದರೆ ಇರುವುದು ಆ ‘ಹ್ಞೂಂ’ನಲ್ಲಿ. ಅದು ಒಪ್ಪಿಗೆಯಲ್ಲ, ವಿಧೇಯತೆ. ದೊಡ್ಡವರು ಕೇಳಿದ್ದಕ್ಕೆ ಹ್ಞೂಂ ಅನ್ನಬೇಕು ಎಂದು ಶಾಲೆಯಲ್ಲೂ ಮನೆಯಲ್ಲೂ ಕಲಿತ ಮಗು ನಮ್ಮ ಮುಂದೆಯೂ ಹ್ಞೂಂ ಅನ್ನುತ್ತದೆ. ಆಮೇಲೆ ಬೇಡವೆನ್ನಲು ಅದಕ್ಕೆ ಉಳಿಯುವ ದಾರಿ ‘ಗೊತ್ತಿಲ್ಲ’ ಒಂದೇ. ಅಸೆಸ್‌ಮೆಂಟಿನ ಒಂದು ಭಾಗವಾದ ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಆ ‘ಗೊತ್ತಿಲ್ಲ’ಕ್ಕೆ ಸೊನ್ನೆ ಬೀಳುತ್ತದೆ. ಓದಿನಲ್ಲಿ ಮಾತ್ರ ಹಿಂದಿರುವ ಮಗು ಒಟ್ಟಾರೆ ಬುದ್ಧಿಯಲ್ಲೇ ಹಿಂದಿದೆ ಎಂಬಂತೆ ವರದಿಯಲ್ಲಿ ಕಾಣುತ್ತದೆ. ಆ ಕಾಗದ ಮಗುವಿನ ಜೊತೆ ವರ್ಷಗಟ್ಟಲೆ ತಿರುಗುತ್ತದೆ.

ಇಲ್ಲಿ ಹೇಳುತ್ತಿರುವುದು 8ರಿಂದ 11 ವರ್ಷದ, ಓದುವುದರಲ್ಲಿ ತೊಂದರೆ ಇದೆ ಎಂದು ಕರೆತಂದ ಮಗುವಿನ ವಿಷಯ. ಬೇರೆ ವಯಸ್ಸಿಗೆ ಏನು ಬದಲಿಸಬೇಕು ಎನ್ನುವುದನ್ನು ನಡುವೆ ಚಿಕ್ಕದಾಗಿ ಹೇಳಿದ್ದೇನೆ.

## ಮೇಜಿನ ಮೇಲೆ ಏನಿರಬೇಕು

ಪರೀಕ್ಷೆಯ ಕಿಟ್ ಇರಬಾರದು. ಅದು ಕಪಾಟಿನಲ್ಲಿರಲಿ; ಕಂಡರೆ ಮಗುವಿನ ಕಣ್ಣು ಅಲ್ಲೇ ನಿಲ್ಲುತ್ತದೆ. ಬೇಕಾದದ್ದು ಒಂದು ಖಾಲಿ ಹಾಳೆ, ಪೆನ್ಸಿಲ್, ಸ್ಟಾಪ್‌ವಾಚ್, ಅಂಗೈಯಗಲದ ಕೆಂಪು ರಟ್ಟಿನ ತುಂಡು, ಕುಡಿಯುವ ನೀರು. ಇಬ್ಬರ ಕುರ್ಚಿಯೂ ಒಂದೇ ಎತ್ತರದ್ದಿದ್ದರೆ ಒಳ್ಳೆಯದು. ಈ ಮಾತುಕತೆಗೆ ಹದಿನೈದು ನಿಮಿಷ ಎತ್ತಿಡಿ. ಐದು ನಿಮಿಷದಲ್ಲಿ ಮುಗಿದರೆ ಏನೋ ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

## ಹಂತ 1: ಹಿಂದಿನ ದಿನ ಮನೆಯವರಿಗೆ ಫೋನ್

ನಮ್ಮ ಕೋಣೆಗೆ ಬರುವ ಮೊದಲೇ ಮಗುವಿಗೆ ಯಾರೋ ಏನೋ ಹೇಳಿರುತ್ತಾರೆ. ‘ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ಕೊಂಡು ಬರೋಣ’ ಎನ್ನುವುದು ಒಂದು. ‘ಡಾಕ್ಟ್ರು ನಿನ್ ತಲೆ ಚೆಕ್ ಮಾಡ್ತಾರೆ’ ಎನ್ನುವುದು ಇನ್ನೊಂದು. ಮೊದಲನೆಯದು ಮೋಸ, ಎರಡನೆಯದು ಹೆದರಿಕೆ. ನಾವು ಎಷ್ಟೇ ಚೆನ್ನಾಗಿ ಹೇಳಿದರೂ ಇವುಗಳ ಮೇಲೆಯೇ ಹೇಳಬೇಕಾಗುತ್ತದೆ.

ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ, ಮನೆಯಲ್ಲಿ ಏನು ಹೇಳಬೇಕು ಎನ್ನುವುದನ್ನು ಮಾತು ಮಾತಾಗಿ ಹೇಳಿಕೊಡುತ್ತೇನೆ: ‘ನಾಳೆ ಒಬ್ಬ ಮಿಸ್ ಹತ್ರ ಹೋಗ್ತೀವಿ. ನಿಂಗೆ ಓದೋದು ಯಾಕೆ ಕಷ್ಟ ಆಗ್ತಿದೆ ಅಂತ ಅವರು ನಿನ್ ಜೊತೆ ಕೂತು ನೋಡ್ತಾರೆ. ಸೂಜಿ ಇಲ್ಲ. ಮಾರ್ಕ್ಸ್ ಇಲ್ಲ.’ ಇಷ್ಟೇ. ತಾಯಿ ಒಮ್ಮೆ ತಿರುಗಿ ಹೇಳಲಿ, ನೀವು ಕೇಳಿಸಿಕೊಳ್ಳಿ.

ಅದೇ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಮನೆಯಲ್ಲಿ ಯಾವ ಭಾಷೆ? ಕನ್ನಡಕ ಇದೆಯೇ? ಎಷ್ಟು ಹೊತ್ತಿಗೆ ಬಸ್ ಹತ್ತುತ್ತೀರಿ? ಜಗಳೂರು ಕಡೆಯಿಂದ ಬೆಳಿಗ್ಗೆ ಆರಕ್ಕೆ ಹೊರಟ ಮಗು ಏನೂ ತಿನ್ನದೆ ಹತ್ತಕ್ಕೆ ನಮ್ಮೆದುರು ಕೂತಿರುತ್ತದೆ. ಹಸಿದ ಮಗುವಿನ ಹ್ಞೂಂ ಬೇಗ ಮುಗಿಸಿ ಹೋಗುವ ಹ್ಞೂಂ.

## ಹಂತ 2: ಹೆತ್ತವರ ಸಹಿ ಮೊದಲು, ಮಗುವಿನ ಒಪ್ಪಿಗೆ ಬೇರೆ

ಹದಿನೆಂಟು ತುಂಬದವರ ಪರೀಕ್ಷೆಗೆ ತಂದೆ-ತಾಯಿ ಅಥವಾ ಪೋಷಕರ ಸಹಿ ಬೇಕು. ಅದು ಸಮ್ಮತಿ. ಮಗು ಕೊಡುವುದು ಒಪ್ಪಿಗೆ. ಅದಕ್ಕೆ ಕಾನೂನಿನಲ್ಲಿ ಸಹಿಯ ಬೆಲೆ ಇಲ್ಲ. ಆದರೆ ಒಂದರಿಂದ ಇನ್ನೊಂದು ತಾನಾಗಿ ಬರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸಂಶೋಧನೆಗಾಗಿ ಒಂದು ಗೆರೆ ಹಾಕಿದೆ: 7ರಿಂದ 11 ವರ್ಷದವರಲ್ಲಿ ಬಾಯಿಮಾತಿನ ಒಪ್ಪಿಗೆ, 12ರಿಂದ 18ರವರಲ್ಲಿ ಬರಹದ ಒಪ್ಪಿಗೆ. ಅದು ಸಂಶೋಧನೆಯ ನಿಯಮವಾದರೂ ನಾನು ಕ್ಲಿನಿಕ್ಕಿನಲ್ಲೂ ಅದೇ ಗೆರೆ ಹಿಡಿಯುತ್ತೇನೆ. ಏಳರೊಳಗಿನ ಮಗುವಿಗೂ ಎರಡು ಮೂರು ವಾಕ್ಯದಲ್ಲಿ ಹೇಳದೆ ಶುರು ಮಾಡುವುದಿಲ್ಲ.

ಮನೆಯವರ ಜೊತೆ ಮಾತಾಡುವಾಗ ಒಂದು ಮಾತು ಮೊದಲೇ ಇತ್ಯರ್ಥವಾಗಬೇಕು: ‘ಮಗು ಇವತ್ತು ಬೇಡ ಅಂದ್ರೆ ನಾನು ನಿಲ್ಲಿಸ್ತೀನಿ. ನೀವು ಬೈಯಂಗಿಲ್ಲ.’ ಇದಕ್ಕೆ ಅವರು ಒಪ್ಪದಿದ್ದರೆ ಮಗುವನ್ನು ಕೇಳುವ ನಾಟಕ ಬೇಡ. ‘ಬೇಡ’ ಎನ್ನುವುದನ್ನು ಕೇಳಿಸಿಕೊಳ್ಳಲು ತಯಾರಿಲ್ಲದ ಕಡೆ ‘ಮಾಡೋಣವಾ?’ ಎಂದು ಕೇಳಲೇಬಾರದು. ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೋರ್ಟಿನ ಆದೇಶದಂಥ ಕಾರಣಕ್ಕೆ ಪರೀಕ್ಷೆ ನಡೆಯಲೇಬೇಕಿದ್ದರೆ ಮಗುವಿಗೆ ಹಾಗೆಂದೇ ಹೇಳಿ: ‘ಇದು ಆಗ್ಲೇಬೇಕು. ಆದ್ರೆ ಯಾವುದು ಮೊದಲು, ಯಾವಾಗ ಬಿಡುವು ಅನ್ನೋದು ನಿನ್ನಿಷ್ಟ.’ ಮಗುವಿನ ಕೈಯಲ್ಲಿರುವುದನ್ನು ಮಾತ್ರ ಮಗುವನ್ನು ಕೇಳಿ.

## ಹಂತ 3: ನೀವು ಹೇಳುವ ಮುಂಚೆ ಮಗು ಹೇಳಲಿ

ಮೊದಲ ಪ್ರಶ್ನೆ ಯಾವಾಗಲೂ ಇದು: ‘ಇಲ್ಲಿಗೆ ಯಾಕೆ ಬಂದೀವಿ ಅಂತ ನಿಂಗೆ ಏನನ್ಸುತ್ತೆ?’ ಗೊತ್ತಿಲ್ಲ ಎಂದರೆ, ‘ಅಮ್ಮ ಬಸ್ಸಲ್ಲಿ ಏನಂದ್ರು?’ ಎಂದು ಕೇಳಿ. ಬರುವ ಉತ್ತರ ತಪ್ಪಾಗಿದ್ದರೂ ತಕ್ಷಣ ತಿದ್ದಬೇಡಿ, ಬರೆದುಕೊಳ್ಳಿ.

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದಿದ್ದ ಒಂಬತ್ತು ವರ್ಷದ ಹುಡುಗನ ಉದಾಹರಣೆಯನ್ನು ಇಲ್ಲಿಂದ ಮುಂದಕ್ಕೂ ಹಿಡಿದುಕೊಂಡು ಹೋಗುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನಾಲ್ಕನೇ ಕ್ಲಾಸು. ಲೆಕ್ಕ ಬಾಯಲ್ಲೇ ಮಾಡುತ್ತಾನೆ, ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. ಕಾಲು ಕುರ್ಚಿಯ ಕೆಳಗೆ ಸುತ್ತಿಕೊಂಡು ಕೂತಿದ್ದ. ‘ಯಾಕೆ ಬಂದೀವಿ?’ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಓದಕ್ಕೆ ಬರ್ದಿದ್ರೆ ಹಾಸ್ಟೆಲಿಗೆ ಹಾಕ್ತಾರಂತ್ರಿ’ ಎಂದ. ಮನೆಯಲ್ಲಿ ಯಾರೋ ಸಿಟ್ಟಿನಲ್ಲಿ ಆಡಿದ ಮಾತು. ನಾನು ನೇರವಾಗಿ ಪರೀಕ್ಷೆಯ ಜೋಡಿಸುವ ಬ್ಲಾಕ್ಸ್ ತೆಗೆದಿದ್ದರೆ ಆ ಹುಡುಗ ಒಂದೊಂದು ಪ್ರಶ್ನೆಗೂ ಹಾಸ್ಟೆಲನ್ನು ತಲೆಯಲ್ಲಿಟ್ಟುಕೊಂಡೇ ಉತ್ತರಿಸುತ್ತಿದ್ದ.

ಇಂಥ ಭಯ ಹೊರಬಿದ್ದಾಗ ನಿಮಗೆ ಖಚಿತ ಇರುವಷ್ಟನ್ನೇ ಹೇಳಿ. ‘ಯಾರೂ ಎಲ್ಲಿಗೂ ಹಾಕಲ್ಲ’ ಎಂದು ನಾನು ಹೇಳಲಾರೆ. ಅದು ನನ್ನ ಕೈಯಲ್ಲಿಲ್ಲ. ‘ನಿನ್ನ ಹಾಸ್ಟೆಲಿಗೆ ಹಾಕೋಕೆ ನಾನು ಇದನ್ನ ಮಾಡ್ತಿಲ್ಲ. ಬೇಕಾದ್ರೆ ಅಮ್ಮನ್ನ ಈಗ್ಲೇ ಕರೆದು ಕೇಳೋಣ’ ಎಂದೆ. ಕರೆದೆವು. ತಾಯಿ ಬಾಗಿಲಲ್ಲೇ ನಿಂತು ‘ಯಾರಂದ್ರು ಹಂಗೆ? ಇಲ್ಲಪ್ಪಾ’ ಎಂದಮೇಲೆ ಹುಡುಗನ ಕಾಲು ಬಿಚ್ಚಿಕೊಂಡಿತು.

## ಹಂತ 4: ಐದು ವಿಷಯ, ಸಣ್ಣ ಮಾತಿನಲ್ಲಿ

ಇಲ್ಲಿ ಪದಗಳದ್ದೇ ದೊಡ್ಡ ಕೆಲಸ. ‘ಪರೀಕ್ಷೆ’ ಎಂದರೆ ಪಾಸು-ಫೇಲು. ‘ಟೆಸ್ಟ್’ ಎಂದರೆ ಕೆಲವು ಮಕ್ಕಳಿಗೆ ರಕ್ತ. ಹಾಗೆಂದು ‘ಆಟ’ ಎಂದರೆ ಸುಳ್ಳು. ಮೊದಲ ವರ್ಷಗಳಲ್ಲಿ ನಾನೂ ಆಟ ಎನ್ನುತ್ತಿದ್ದೆ. ಒಬ್ಬ ಹುಡುಗಿ ಬ್ಲಾಕ್ಸ್ ಎಲ್ಲ ಖುಷಿಯಿಂದ ಮಾಡಿದಳು. ಓದುವ ಹಾಳೆ ಮುಂದಿಟ್ಟಾಗ ನನ್ನ ಮುಖ ನೋಡಿ ‘ಇದು ಆಟ ಅಲ್ಲ’ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಒಂದು ಮಾತೂ ಆಡಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಅಂದಿನಿಂದ ‘ಕೆಲಸ’ ಎನ್ನುತ್ತೇನೆ: ‘ಇವತ್ತು ಇಬ್ರೂ ಕೂತು ಒಂದಷ್ಟು ಕೆಲಸ ಮಾಡೋಣ.’

ಹೇಳಬೇಕಾದ ಐದು ವಿಷಯ, ಇದೇ ಕ್ರಮದಲ್ಲಿ.

ಯಾಕೆ. ‘ನಿಂಗೆ ಓದೋದು ಕಷ್ಟ ಅಂತ ಟೀಚರ್ ಹೇಳಿದ್ರು. ನಿಂಗೆ ಯಾವುದು ಸುಲಭ, ಯಾವುದು ಕಷ್ಟ ಅಂತ ನೋಡಿದ್ರೆ ಹೇಗೆ ಕಲಿಸ್ಬೇಕು ಅಂತ ಟೀಚರ್‌ಗೆ ಹೇಳ್ಬಹುದು.’ ಇದಾದ ಮೇಲೆ ಓದು ಸರಾಗವಾಗುತ್ತದೆ ಎಂದು ಮಾತು ಕೊಡಬೇಡಿ.

ಏನು. ‘ಕೆಲವು ಪ್ರಶ್ನೆ ಕೇಳ್ತೀನಿ. ಕೆಲವು ಕೈಯಲ್ಲಿ ಜೋಡಿಸೋದು. ಆಮೇಲೆ ಸ್ವಲ್ಪ ಓದೋದು, ಸ್ವಲ್ಪ ಬರೆಯೋದು, ಸ್ವಲ್ಪ ಲೆಕ್ಕ. ಬೇಡ ಅಂದ್ರೆ ನಿಲ್ಲಿಸಬಹುದು.’ ಓದುವುದಿದೆ ಎನ್ನುವುದನ್ನು ಮುಚ್ಚಿಡಬೇಡಿ. ಆದರೆ ಪರೀಕ್ಷೆಯೊಳಗಿನ ಒಂದು ಪ್ರಶ್ನೆಯನ್ನೂ ಉದಾಹರಣೆಗೆಂದು ತೋರಿಸಬೇಡಿ. ತೋರಿಸಿದರೆ ಆ ಪ್ರಶ್ನೆ ಮುಂದೆ ಕೆಲಸಕ್ಕೆ ಬಾರದು. ಉದಾಹರಣೆ ಬೇಕಿದ್ದರೆ ನಿಮ್ಮದೇ ಆದದ್ದನ್ನು ಕೊಡಿ.

ಕಷ್ಟ ಎಷ್ಟು. ‘ಕೆಲವು ನಿಂಗೆ ಸಲೀಸು. ಕೆಲವು ದೊಡ್ಡ ಕ್ಲಾಸ್ ಮಕ್ಕಳಿಗೂ ಬರಲ್ಲ. ಮಾರ್ಕ್ಸ್ ಇಲ್ಲ. ಬರದಿದ್ರೆ ಬರಲ್ಲ ಅನ್ನು, ನಂಗೇನೂ ಬೇಜಾರಿಲ್ಲ.’ ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜ. ಬುದ್ಧಿಮಟ್ಟದ ಪರೀಕ್ಷೆಗಳಲ್ಲಿ ಮಗು ಸತತವಾಗಿ ಕೆಲವು ತಪ್ಪುವವರೆಗೂ ಪ್ರಶ್ನೆ ಮುಂದುವರಿಯುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಪ್ರತಿ ಭಾಗವೂ ಮಗುವಿಗೆ ಸೋಲಿನಲ್ಲೇ ಮುಗಿದಂತೆ ಅನಿಸುತ್ತದೆ.

ಗಡಿಯಾರ ಮತ್ತು ಪೆನ್ನು. ಸ್ಟಾಪ್‌ವಾಚನ್ನು ಮಗುವಿನ ಕೈಗೆ ಕೊಟ್ಟು ಒಂದೆರಡು ಸಲ ಒತ್ತಿಸಿ. ‘ಕೆಲವು ಕೆಲಸಕ್ಕೆ ಇದನ್ನ ಒತ್ತುತೀನಿ. ನೀನು ಹೇಳಿದ್ದೆಲ್ಲ ಬರ್ಕೋತೀನಿ, ಸರಿ ಇದ್ರೂ ಬರ್ಕೋತೀನಿ, ತಪ್ಪಿದ್ರೂ ಬರ್ಕೋತೀನಿ.’ ಇದನ್ನು ಹೇಳದಿದ್ದರೆ ನೀವು ಪೆನ್ನು ಎತ್ತಿದಾಗಲೆಲ್ಲ ಮಗು ತನ್ನದು ತಪ್ಪಾಯಿತು ಎಂದುಕೊಳ್ಳುತ್ತದೆ.

ಯಾರು ನೋಡುತ್ತಾರೆ. ‘ಅಪ್ಪ-ಅಮ್ಮಂಗೆ ಹೇಳ್ತೀನಿ. ಅವರು ಒಪ್ಪಿದ್ರೆ ಟೀಚರ್‌ಗೆ ಒಂದು ಕಾಗದ ಹೋಗುತ್ತೆ. ನಿನ್ ಕ್ಲಾಸಿನ ಮಕ್ಕಳಿಗೆ ನಾನು ಹೇಳಲ್ಲ.’ ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಅನ್ನಬೇಡಿ. ಮಗುವಿಗೆ ಯಾರೋ ಹಿಂಸೆ ಕೊಡುತ್ತಿರುವ ವಿಷಯ ಹೊರಬಂದರೆ ಮುಚ್ಚಿಡುವಂತಿಲ್ಲ. ಲೈಂಗಿಕ ಅಪರಾಧವಾಗಿದ್ದರೆ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ‘ನಿಂಗೆ ಯಾರಾದ್ರೂ ನೋವು ಮಾಡ್ತಿದ್ರೆ ಮಾತ್ರ, ನಿನ್ನ ಕಾಪಾಡೋಕೆ ಬೇರೆಯವ್ರಿಗೂ ಹೇಳ್ಬೇಕಾಗುತ್ತೆ’ ಎಂಬ ಒಂದು ಸಾಲು ಸಾಕು.

ಇಷ್ಟನ್ನೂ ಮಗುವಿನ ಮನೆಮಾತಿನಲ್ಲಿ ಹೇಳಬೇಕು. ನಮ್ಮ ಕಡೆ ಲಂಬಾಣಿ ತಾಂಡಾಗಳಿಂದ, ಉರ್ದು ಮನೆಗಳಿಂದ ಮಕ್ಕಳು ಬರುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಲ್ಲಿ ತೆಲುಗು ಮನೆಮಾತಿನವರೂ ಇರುತ್ತಾರೆ. ಭಾಷೆ ಬರದಿದ್ದರೆ ಹೆತ್ತವರನ್ನೇ ದುಭಾಷಿ ಮಾಡಿಕೊಳ್ಳಬೇಡಿ. ‘ಬೇಡ ಅಂದ್ರೆ ನಿಲ್ಲಿಸಬಹುದು’ ಎಂದು ನೀವು ಹೇಳಿದ್ದು ತಂದೆಯ ಬಾಯಲ್ಲಿ ‘ಸುಮ್ನೆ ಹೇಳಿದ್ದು ಮಾಡು’ ಎಂದಾಗುವುದುಂಟು. ಪರಿಚಯದ ಶಿಕ್ಷಕಿಯೋ ಅಂಗನವಾಡಿ ಕಾರ್ಯಕರ್ತೆಯೋ ಸಿಕ್ಕರೆ ವಾಸಿ.

ಐದಾರು ವರ್ಷದ ಮಗುವಿಗೆ ಈ ಐದೂ ಬೇಡ. ಏನು ಮಾಡುತ್ತೇವೆ, ಅಮ್ಮ ಎಲ್ಲಿರುತ್ತಾರೆ, ಯಾವಾಗ ಮನೆಗೆ ಹೋಗುತ್ತೇವೆ, ಇಷ್ಟು ಸಾಕು.

## ಹಂತ 5: ಅರ್ಥವಾಯಿತೇ ಎಂದು ನೋಡುವುದು

‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಶಾಲೆಯಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ‘ಹೊರಗೆ ಹೋದ್ಮೇಲೆ ನಿನ್ ತಂಗಿ ಒಳಗೇನು ಮಾಡ್ತಾರೆ ಅಂತ ಕೇಳಿದ್ರೆ ಏನ್ ಹೇಳ್ತೀಯ?’ ಎಂದು ಕೇಳಿ. ಏನು ಮಾಡುತ್ತೇವೆ, ಯಾರಿಗೆ ಹೇಳುತ್ತೇವೆ, ನಿಲ್ಲಿಸಬಹುದೇ ಎನ್ನುವ ಮೂರೂ ಮಗುವಿನ ಬಾಯಲ್ಲಿ ಬರಬೇಕು. ಬಿಟ್ಟುಹೋದದ್ದನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಿ.

ಇದಾದ ಮೇಲೆ ನಾನು ಒಂದು ತಿರುವು ಪ್ರಶ್ನೆ ಹಾಕುತ್ತೇನೆ: ‘ಹಂಗಾದ್ರೆ ಇವತ್ತು ನಾನು ಮಾರ್ಕ್ಸ್ ಕೊಟ್ಟು ಫೇಲ್ ಪಾಸ್ ಮಾಡ್ತೀನಿ, ಅಲ್ವಾ?’ ಸರಿಯಾದ ಉತ್ತರ ‘ಇಲ್ಲ’. ಅದಕ್ಕೂ ಹ್ಞೂಂ ಬಂದರೆ ಅಲ್ಲಿಯತನಕ ಬಂದ ಹ್ಞೂಂಗಳೆಲ್ಲ ಖಾಲಿ ಎಂದಾಯಿತು. ನಮ್ಮ ಹುಡುಗ ಇದಕ್ಕೆ ಹ್ಞೂಂ ಅಂದ. ನಾನು ನಾಲ್ಕನೇ ಹಂತಕ್ಕೆ ವಾಪಸ್ ಹೋದೆ. ಎರಡನೇ ಸಲ ಕೇಳಿದಾಗ ನಕ್ಕು, ‘ಇಲ್ರಿ, ನೀವೇ ಮಾರ್ಕ್ಸ್ ಇಲ್ಲ ಅಂದ್ರಲ್ಲ’ ಎಂದ. ಆ ಒಂದು ‘ಇಲ್ರಿ’ಗೆ ಹತ್ತು ಹ್ಞೂಂಗಿಂತ ಹೆಚ್ಚು ತೂಕ.

## ಹಂತ 6: ‘ಬೇಡ’ ಎನ್ನುವುದನ್ನು ಅಭ್ಯಾಸ ಮಾಡಿಸಿ, ಆಮೇಲೆ ಕೇಳಿ

ನಿಲ್ಲಿಸಬಹುದು ಎಂದು ಬಾಯಲ್ಲಿ ಹೇಳಿದರೆ ಮಗು ನಂಬುವುದಿಲ್ಲ, ಕಂಡರೆ ನಂಬುತ್ತದೆ. ಕೆಂಪು ರಟ್ಟನ್ನು ಅದರ ಕೈಗೆ ಕೊಡಿ. ‘ನಾನು ಸುಮ್ನೆ ಒಂದರಿಂದ ಎಣಿಸ್ತಾ ಹೋಗ್ತೀನಿ. ಸಾಕು ಅನ್ಸಿದಾಗ ಇದನ್ನ ಎತ್ತು. ನಿಲ್ಲಿಸ್ತೀನೋ ಇಲ್ವೋ ನೋಡು.’ ಎತ್ತಿದ ಕೂಡಲೇ, ಅಂಕಿಯ ನಡುವೆಯೇ ನಿಲ್ಲಿಸಿ. ಎರಡು ಮೂರು ಸಲ ಮಾಡಿ. ಹೆಚ್ಚಿನ ಮಕ್ಕಳಿಗೆ ಅಂದಿನ ಮೊದಲ ನಗು ಇಲ್ಲೇ ಬರುತ್ತದೆ.

ಗಡಿಯಾರ ಒತ್ತಿ ಮಾಡಿಸುವ ಭಾಗದ ನಡುವೆ ರಟ್ಟು ಎತ್ತಿದರೆ ಆ ಭಾಗದ ಅಂಕ ಹಾಳಾಗುತ್ತದೆ, ನಿಜ. ‘ಗಡಿಯಾರದ ಕೆಲಸ ಚಿಕ್ಕದು. ಆಗೋದಾದ್ರೆ ಅದು ಮುಗಿದ್ಮೇಲೆ ಎತ್ತು. ಆಗದಿದ್ರೆ ನಡುವೆನೂ ಎತ್ತಬಹುದು’ ಎಂದು ಹೇಳಿಡಿ. ನಡುವೆ ಎತ್ತಿದರೆ ನಿಲ್ಲಿಸಿ, ಆ ಭಾಗ ಅಪೂರ್ಣ ಎಂದು ಬರೆಯಿರಿ. ಅಪೂರ್ಣ ಎಂದು ಬರೆದದ್ದರಿಂದ ಯಾರಿಗೂ ಕೇಡಿಲ್ಲ. ಸೊನ್ನೆ ಎಂದು ಬರೆದರೆ ಕೇಡಿದೆ.

ಈಗ ಕೇಳಿ. ಪ್ರಶ್ನೆಗೆ ಎರಡೂ ಕಡೆ ಬಾಗಿಲಿರಬೇಕು: ‘ಇವತ್ತು ಮಾಡೋಣವೋ, ಇನ್ನೊಂದಿನ ಬರ್ತೀಯೋ, ಇಲ್ಲಾ ಬೇಡವೇ ಬೇಡವೋ?’ ಕೇಳಿ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ನಮ್ಮಲ್ಲಿ ಬಹುತೇಕರು ಎರಡಕ್ಕೆಲ್ಲ ‘ಮಾಡೋಣ ಅಲ್ವಾ ಪುಟ್ಟಾ’ ಎಂದು ಬಾಗಿಲು ಮುಚ್ಚಿಬಿಡುತ್ತೇವೆ. ಚಾಕ್ಲೇಟಿನ ಆಸೆ ಬೇಡ. ಕೊಡುವುದಿದ್ದರೆ ಕೊನೆಯಲ್ಲಿ ಕೊಡಿ, ಮಾಡಿದ ಮಗುವಿಗೂ ಮಾಡದ ಮಗುವಿಗೂ.

## ಹಂತ 7: ಬಂದ ಉತ್ತರವನ್ನು ಓದುವುದು

ವಾಕ್ಯ ಮುಗಿಯುವ ಮೊದಲೇ ತಲೆಯಾಡಿಸುವುದು, ಉತ್ತರಿಸುವ ಮುಂಚೆ ತಾಯಿಯ ಕಡೆ ನೋಡುವುದು, ಪ್ರಶ್ನೆ ಪೂರ್ತಿ ಕೇಳದೆ ‘ಗೊತ್ತಿಲ್ಲ’ ಎನ್ನುವುದು, ನೀರು-ಬಾತ್‌ರೂಮು ಎಂದು ಮೇಲಿಂದ ಮೇಲೆ ಏಳುವುದು: ಇವೆಲ್ಲ ಬಾಯಿ ಹೇಳದ ‘ಬೇಡ’ಗಳು. ನಾಚಿಕೆಯ ಮಗುವೂ ಹೀಗೇ ಕಾಣಬಹುದು. ಗುರುತಿಸುವುದು ಹೇಗೆಂದರೆ, ನಾಚಿಕೆಯ ಮಗು ಹತ್ತು ನಿಮಿಷಕ್ಕೆ ಸಡಿಲವಾಗುತ್ತದೆ. ಬೇಡದ ಮಗು ಹೊತ್ತು ಹೋದಂತೆ ಬಿಗಿಯಾಗುತ್ತದೆ.

‘ಬೇಡ’ ಬಂದಾಗ ಒಂದು ಸಲ, ಒಂದೇ ಸಲ ಕೇಳಿ: ‘ಯಾವುದು ಬೇಡ?’ ಪೂರ್ತಿ ಬೇಡವೋ, ಇವತ್ತು ಬೇಡವೋ, ಯಾವುದೋ ಒಂದು ಭಾಗ ಬೇಡವೋ. ನಮ್ಮ ಹುಡುಗ ಜೋಡಿಸುವುದು, ಲೆಕ್ಕ ಎಲ್ಲಕ್ಕೂ ಒಪ್ಪಿದ, ‘ಓದೋದು ಬೇಡ’ ಎಂದ. ಯಾವುದು ಬೇಡ ಎಂದು ಕೇಳಿದರೆ ಕಿಟಕಿ ನೋಡಿದ. ಕಿಟಕಿಯಾಚೆ ಬೆಂಚಿನ ಮೇಲೆ ಅವನ ತಂದೆ ಕೂತಿದ್ದರು, ಒಳಗಿನ ಮಾತೆಲ್ಲ ಅವರಿಗೆ ಕೇಳುತ್ತಿತ್ತು. ಅವನಿಗೆ ಬೇಡವಾಗಿದ್ದದ್ದು ಓದುವುದಲ್ಲ, ಅಪ್ಪನಿಗೆ ಕೇಳಿಸುವಂತೆ ಓದುವುದು. ಅವತ್ತು ಬುದ್ಧಿಮಟ್ಟದ ಭಾಗ ಮಾತ್ರ ಮುಗಿಸಿದೆವು. ಓದು-ಬರಹವನ್ನು ಮುಂದಿನ ವಾರಕ್ಕಿಟ್ಟೆವು. ಆ ದಿನ ತಂದೆಯನ್ನು ಮಂಡಕ್ಕಿ-ಮೆಣಸಿನಕಾಯಿ ತಿಂದು ಬನ್ನಿ ಎಂದು ಪೇಟೆಗೆ ಕಳಿಸಿದೆ. ಹುಡುಗ ಓದಿದ. ತಡವರಿಸಿ, ಒತ್ತಕ್ಷರ ಬಿಟ್ಟು, ಆದರೆ ಕೊನೆಯ ಸಾಲಿನತನಕ.

ಪೂರ್ತಿ ಬೇಡ ಎಂದರೆ ಅಲ್ಲಿಗೆ ನಿಲ್ಲಿಸಿ. ಒಂದು ದಿನದ ಕೂಲಿ ಬಿಟ್ಟು ಬಂದ ಮನೆಯವರಿಗೆ ಇದು ಸಣ್ಣ ನಷ್ಟವಲ್ಲ, ಅವರ ಬೇಸರ ನ್ಯಾಯವೇ. ದಿನ ವ್ಯರ್ಥವಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ: ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ವಿವರ ಕೇಳಿ ಬರೆದುಕೊಳ್ಳಿ, ಶಾಲೆಯ ನೋಟ್‌ಬುಕ್ ತಿರುವಿ ನೋಡಿ, ಕಣ್ಣು-ಕಿವಿ ತೋರಿಸಿಲ್ಲದಿದ್ದರೆ ಅದಕ್ಕೆ ಚೀಟಿ ಬರೆದುಕೊಡಿ. ಇವು ಹೇಗೂ ಬೇಕಾದವೇ. ಮುಂದಿನ ಸಲಕ್ಕೆ ತಾರೀಕನ್ನು ಮಗುವಿನ ಎದುರೇ, ಮಗುವನ್ನೂ ಕೇಳಿ ಗೊತ್ತು ಮಾಡಿ.

## ಹಂತ 8: ನಡುನಡುವೆ ಮತ್ತೆ ಕೇಳುವುದು, ಕೊನೆಗೆ ಬರೆದಿಡುವುದು

ಒಪ್ಪಿಗೆ ಒಂದು ಸಲ ಸಿಕ್ಕರೆ ದಿನಪೂರ್ತಿಗೆ ಆಯಿತು ಎಂದಲ್ಲ. ಒಂದು ಭಾಗ ಮುಗಿದು ಇನ್ನೊಂದಕ್ಕೆ ಹೋಗುವಾಗ, ಬಿಡುವಿನ ನಂತರ, ಮತ್ತು ಓದುವ ಹಾಳೆ ತೆಗೆಯುವ ಮೊದಲು ಖಂಡಿತ, ಒಂದೇ ವಾಕ್ಯದಲ್ಲಿ ಕೇಳಿ: ‘ಈಗ ಓದೋದು. ತೆಗೀಲಾ?’ ಒಂದು ಭಾಗದ ಒಳಗೆ ಮಾತ್ರ ಕೇಳಬೇಡಿ. ಅಲ್ಲಿ ಪರೀಕ್ಷೆಯ ಕೈಪಿಡಿಯಲ್ಲಿರುವ ಮಾತನ್ನಷ್ಟೇ ಆಡಬೇಕು.

ವರದಿಯಲ್ಲಿ ‘ಮಗುವಿನ ಒಪ್ಪಿಗೆ ಪಡೆಯಲಾಗಿದೆ’ ಎಂಬ ಅಚ್ಚು ಸಾಲಿನಿಂದ ಏನೂ ತಿಳಿಯುವುದಿಲ್ಲ. ಮಗು ಆಡಿದ ಮಾತನ್ನೇ ಬರೆಯಿರಿ. ಆ ಹುಡುಗನ ಕಡತದಲ್ಲಿ ಹೀಗಿದೆ: ‘ಕನ್ನಡದಲ್ಲಿ ವಿವರಿಸಿದೆ, ತಾಯಿ ಹಾಜರಿದ್ದರು. ಬಂದ ಕಾರಣ ಹಾಸ್ಟೆಲ್ ಎಂದುಕೊಂಡಿದ್ದ, ತಾಯಿಯಿಂದಲೇ ಸ್ಪಷ್ಟಪಡಿಸಲಾಯಿತು. ಮೊದಲ ಸಲ ತಿರುಗಿ ಹೇಳಲಾಗಲಿಲ್ಲ, ಎರಡನೇ ಸಲ ಮೂರೂ ವಿಷಯ ಹೇಳಿದ. “ಜೋಡ್ಸೋದು ಮಾಡ್ತೀನಿ, ಓದೋದು ಬೇಡ” ಎಂದ. ಓದು-ಬರಹ ಮುಂದಿನ ವಾರಕ್ಕೆ. ಆ ದಿನ ಮತ್ತೆ ಕೇಳಿದಾಗ “ಅಪ್ಪ ಇಲ್ಲಿ ಇಲ್ದಿದ್ರೆ ಓದ್ತೀನಿ” ಎಂದ. ತಂದೆ ಕಟ್ಟಡದಲ್ಲಿ ಇರಲಿಲ್ಲ. ಕೆಂಪು ರಟ್ಟು ಒಮ್ಮೆ ಎತ್ತಿದ, ಬರೆಯುವ ಭಾಗದಲ್ಲಿ. ಐದು ನಿಮಿಷ ಬಿಡುವು ಕೊಟ್ಟು ಮುಂದುವರಿಸಿದೆ.’